ಉದ್ದೇಶ ಪತ್ರ: ನೀರು ಮತ್ತು ಸುಸ್ಥಿರ ಅಭಿವೃದ್ಧಿ ಎಂ.ಎಸ್ಸಿ., ಐಎಚ್‌ಇ ಡೆಲ್ಫ್ಟ್, ನೆದರ್ಲೆಂಡ್ಸ್

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ತೋಟದಲ್ಲಿ ನಾಲ್ಕನೇ ಬೋರ್‌ವೆಲ್ ಕೊರೆಸಿದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬಂದವರು ಪಾಯಿಂಟ್ ತೋರಿಸಿದ್ದರು. ರಿಗ್ ಲಾರಿ ರಾತ್ರಿಯಿಡೀ ಓಡಿತು. 1,150 ಅಡಿಗೆ ಹೋದರೂ ಬಂದದ್ದು ಬರೀ ದೂಳು. ಆ ಸಾಲ ತೀರಿಸಲು ಅಪ್ಪನಿಗೆ ಆರು ವರ್ಷ ಬೇಕಾಯಿತು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಇಂಥ ಮನೆಗಳು ಬಹಳ. "ಕೆಳಗೆ ನೀರು ಎಲ್ಲಿದೆ ಅಂತ ಮೊದಲೇ ಗೊತ್ತಾಗಲ್ವಾ?" ಎಂದು ಅಪ್ಪನನ್ನು ಕೇಳಿದ್ದೆ. ಮುಂದೆ ಸಿವಿಲ್ ಎಂಜಿನಿಯರಿಂಗ್ ಸೇರಿದ್ದು ಆ ಪ್ರಶ್ನೆಯಿಂದಲೇ.

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರತೊಡಗಿತು. ಕೆಲವು ವರ್ಷಗಳಲ್ಲಿ ನಮ್ಮೂರ ಕೆರೆಯೂ ತುಂಬಿತು. ಕೊನೇ ವರ್ಷದ ಪ್ರಾಜೆಕ್ಟಿಗಾಗಿ ನಾನು ಕೆರೆಯ ಸುತ್ತಲಿನ 38 ಬೋರುಗಳಲ್ಲಿ ಹದಿನೈದು ದಿನಕ್ಕೊಮ್ಮೆ ನೀರಿನ ಮಟ್ಟ ಅಳೆದೆ, ಹನ್ನೊಂದು ತಿಂಗಳು. ಹತ್ತಿರದ ಹೆಚ್ಚಿನ ಬೋರುಗಳಲ್ಲಿ ಮಟ್ಟ ಏರಿತು. ಆದರೆ ಏರಿಯಿಂದ 300 ಮೀಟರ್ ದೂರದ ಒಂದು ಬೋರು ಒಣಗಿಯೇ ಉಳಿಯಿತು. ಒಂದೂವರೆ ಕಿಲೋಮೀಟರ್ ಆಚೆಯ ಇನ್ನೊಂದರಲ್ಲಿ ನೀರು ಮೇಲೆ ಬಂತು. ನಮ್ಮದು ಗಟ್ಟಿ ಕಲ್ಲಿನ ನೆಲ, ನೀರು ಬಿರುಕು ಹಿಡಿದೇ ಹೋಗಬೇಕು. ಆ ದಾರಿಯನ್ನು ಲೆಕ್ಕ ಹಾಕುವ ಅಂತರ್ಜಲ ಮಾಡೆಲಿಂಗ್ ನನಗೆ ಬರುವುದಿಲ್ಲ. ಬಿ.ಇ.ಯಲ್ಲಿ ಅದಕ್ಕೆ ಒಂದೇ ಒಂದು ಅಧ್ಯಾಯವಿತ್ತು.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ಕಾಡುತ್ತದೆ. ಕೆರೆಗೆ ಬರುವುದು ಎರಡನೇ ಹಂತದವರೆಗೆ ಶುದ್ಧ ಮಾಡಿದ ನೀರು. ಮಣ್ಣಿನಲ್ಲಿ ಇಳಿಯುತ್ತಾ ಅದು ಎಷ್ಟು ತಿಳಿಯಾಗುತ್ತದೆ? ಬಿರುಕಿನಲ್ಲಿ ಸೀದಾ ಇಳಿದರೆ ಏನು ಗತಿ? ಅಳತೆಗೆ ಹೋದ ಕಡೆಯೆಲ್ಲ ಹೆಂಗಸರು ಕೇಳಿದ್ದು ಒಂದೇ ಮಾತು: "ಈ ನೀರು ಕುಡೀಬಹುದೇನಮ್ಮಾ?" ಫ್ಲೋರೈಡ್ ಕಾಟ ಮೊದಲೇ ಇರುವ ಊರುಗಳು ಅವು. ಗೊತ್ತಿಲ್ಲದೆ ಹೂಂ ಅನ್ನಲು ನನಗೆ ಬಾಯಿ ಬರಲಿಲ್ಲ.

ಆಮ್‌ಸ್ಟರ್‌ಡ್ಯಾಮ್ ನಗರ 1957ರಿಂದ ರೈನ್ ನದಿಯ ನೀರನ್ನು ಸಮುದ್ರದಂಡೆಯ ಮರಳು ದಿಬ್ಬಗಳಲ್ಲಿ ಇಂಗಿಸಿ ಕುಡಿಯಲು ಬಳಸುತ್ತಿದೆ. ಅಲ್ಲಿ ಮರಳು, ನಮ್ಮಲ್ಲಿ ಕಲ್ಲು. ಅಲ್ಲಿಯದನ್ನು ಹಾಗೇ ತಂದು ಇಲ್ಲಿ ಇಡಲಾಗದು. ಆದರೆ ಇಂಗಿಸುವ ಮುಂಚೆ ಏನೇನು ಪರೀಕ್ಷಿಸಬೇಕು, ಇಂಗಿದ ಮೇಲೆ ಎಲ್ಲೆಲ್ಲಿ ಅಳೆಯಬೇಕು ಎಂಬುದನ್ನು ಅಷ್ಟು ವರ್ಷ ಮಾಡಿದವರ ನಡುವೆಯೇ ಕಲಿಯಬೇಕು. ಡೆಲ್ಫ್ಟ್ ಆರಿಸಿಕೊಂಡದ್ದು ಇದಕ್ಕೆ. ಬೇರೆ ಬೇರೆ ದೇಶಗಳಲ್ಲಿ ನೀರಿನ ಕೆಲಸ ಮಾಡಿ ಬಂದವರು ಅಲ್ಲಿ ಸಹಪಾಠಿಗಳಾಗಿ ಸಿಗುತ್ತಾರೆ ಎಂಬುದೂ ನನಗೆ ಮುಖ್ಯ.

ಎರಡು ವರ್ಷದಿಂದ ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಕೆರೆಗಳ ಸರ್ವೆ ಮತ್ತು ನಕ್ಷೆಯ ಕೆಲಸ ಮಾಡುತ್ತಿದ್ದೇನೆ. ಭಾನುವಾರ ಊರಿಗೆ ಹೋದಾಗ ಆ 38ರಲ್ಲಿ 12 ಬೋರುಗಳನ್ನು ಈಗಲೂ ಅಳೆಯುತ್ತೇನೆ. ಈ ಅಂಕಿಗಳನ್ನೇ ಇಟ್ಟುಕೊಂಡು ಪ್ರಬಂಧ ಮಾಡುವ ಆಸೆ ಇದೆ. ಓದು ಮುಗಿಸಿ ಕೋಲಾರಕ್ಕೇ ಮರಳುತ್ತೇನೆ. ಮೊದಲ ಕೆಲಸ, ನಮ್ಮ ಪಂಚಾಯಿತಿಯ ಕುಡಿಯುವ ನೀರಿನ ಬೋರುಗಳ ನೀರನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳುವುದು.