ಸಾರ್ವಜನಿಕ ಆಟದ ಮೈದಾನದ ಬಳಕೆಗೆ ಅನುಮತಿ ಹಾಗೂ ದುರಸ್ತಿ ಕೋರಿ ಮನವಿ

ಕಾಸರಗೋಡು ಜಿಲ್ಲೆ
12-01-2026

ಇವರಿಗೆ,
ಕಾರ್ಯದರ್ಶಿಯವರು, ನಗರಸಭಾ ಕಚೇರಿ

ವಿಷಯ: ಅಂಗನವಾಡಿ ಹಿಂದಿನ ಮೈದಾನದಲ್ಲಿ ವಾಲಿಬಾಲ್ ತರಬೇತಿ ಮತ್ತು ಅಂಕಣದ ದುರಸ್ತಿ

ಮಾನ್ಯರೇ,

ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 4.30ರಿಂದ 6.30ರ ತನಕ ಈ ಮೈದಾನದಲ್ಲಿ 10ರಿಂದ 18 ವರ್ಷದ 34 ಮಕ್ಕಳಿಗೆ ಉಚಿತ ತರಬೇತಿ ನೀಡಲು ಒಂದು ವರ್ಷದ ಅನುಮತಿ ಕೋರುತ್ತೇವೆ. ಉಳಿದ ಹೊತ್ತು ಮೈದಾನ ಎಂದಿನಂತೆ ಎಲ್ಲರಿಗೂ ತೆರೆದಿರಲಿ; ಬೀಗ, ಶುಲ್ಕ ಯಾವುದೂ ಬೇಡ.

ಆದರೆ ಈಗಿನ ಸ್ಥಿತಿಯಲ್ಲಿ ಮಕ್ಕಳನ್ನು ಅಲ್ಲಿ ಆಡಿಸುವಂತಿಲ್ಲ. ಮೂಲ ತೊಂದರೆ ನೀರಿನದು. ಪೂರ್ವದ ಮುರಕಲ್ಲಿನ ಚರಂಡಿ ಸುಮಾರು 40 ಮೀಟರ್ ಉದ್ದಕ್ಕೂ ಹೂಳು ತುಂಬಿದೆ, ಎರಡು ಕಡೆ ಕಲ್ಲು ಒಳಗೆ ಕುಸಿದಿದೆ. ಕಟ್ಟಡದ ಅವಶೇಷ ಸುರಿದ ಮೂಲೆಯಲ್ಲಿ ನೀರಿಗೆ ದಾರಿಯೇ ಇಲ್ಲ. ಮಳೆನೀರು ಅಂಕಣದಲ್ಲೇ ನಿಂತು ನುಣ್ಣನೆಯ ಮಣ್ಣು ಕೊಚ್ಚಿಹೋಗಿದೆ. ಉಳಿದಿರುವುದು ಚೂಪು ಮುರಕಲ್ಲಿನ ಹರಳು. ಚೆಂಡಿಗೆ ಹಾರಿ ಬಿದ್ದ ಮಕ್ಕಳ ಮೊಣಕಾಲು, ಮೊಣಕೈ ಸಿಪ್ಪೆ ಸುಲಿದಂತಾಗುವುದು ಇದರಿಂದಲೇ. ಚರಂಡಿ ಸರಿಪಡಿಸದೆ ಮೇಲೆ ಮಣ್ಣು ಹಾಕಿದರೆ ಒಂದೇ ಮಳೆಗಾಲಕ್ಕೆ ಖರ್ಚು ನೀರುಪಾಲು. ಆದ್ದರಿಂದ ಮೊದಲು ಅವಶೇಷ ತೆರವು, ಚರಂಡಿ, ನಂತರವೇ ಮಣ್ಣು.

ಅಂಕಣ 18 x 9 ಮೀಟರ್. ಸುತ್ತ 3 ಮೀಟರ್ ಬಿಟ್ಟರೆ 24 x 15, ಅಂದರೆ 360 ಚದರ ಮೀಟರ್. ರೋಲರ್ ಹಾಯಿಸಿದ ಮೇಲೆ 10 ಸೆಂ.ಮೀ. ದಪ್ಪ ಉಳಿಯಬೇಕಾದರೆ ಸಡಿಲ ಕೆಂಪು ಮಣ್ಣು ಸುಮಾರು 45 ಘನ ಮೀಟರ್ ಬೇಕು. ಜರಡಿ ಹಿಡಿದ ಮಣ್ಣೇ ಆಗಬೇಕು. ಎರಡು ಪದರವಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ರೋಲರ್ ಎಳೆಯಲಿ. ಒಟ್ಟಿಗೇ ಸುರಿದರೆ ಅಡಿಭಾಗ ಗಟ್ಟಿಯಾಗದೆ ಹೊಂಡ ಬೀಳುತ್ತದೆ. ಉದ್ದದ ನಡುಗೆರೆಯಿಂದ ಎರಡೂ ಬದಿಗೆ 7ರಿಂದ 8 ಸೆಂ.ಮೀ. ಇಳಿಜಾರು ಸಾಕು. ಮಾರ್ಚ್ ಒಳಗೆ ಮುಗಿದರೆ ಮಳೆಗೆ ಮುನ್ನ ಮಣ್ಣು ಕೂರಲು ಸಮಯ ಸಿಗುತ್ತದೆ.

ನೆಟ್ಟಿನ ಕಂಬಗಳು ಬುಡದಲ್ಲಿ ತುಕ್ಕು ಹಿಡಿದು ಒಂದು ಮುರಿದಿದೆ. ಅದರ ಕಬ್ಬಿಣದ ತುಂಡು ನೆಲದಿಂದ ನಾಲ್ಕು ಬೆರಳು ಮೇಲೆ ನಿಂತಿದೆ, ಅದನ್ನು ಇವತ್ತೇ ಕತ್ತರಿಸಿ ತೆಗೆಸಬೇಕೆಂದು ವಿನಂತಿ. ಹೊಸ ಕಂಬಗಳು ಬದಿಗೆರೆಯಿಂದ 1 ಮೀಟರ್ ಹೊರಗಿರಲಿ. ಕಾಂಕ್ರೀಟಿನಲ್ಲಿ ಮುಚ್ಚಳವಿರುವ ಪೈಪ್ ಹೂತರೆ ಮಳೆಗಾಲದಲ್ಲಿ ಕಂಬ ಕಿತ್ತಿಡಬಹುದು. ನೆಟ್ ಹುಡುಗಿಯರಿಗೆ 2.24, ಹುಡುಗರಿಗೆ 2.43 ಮೀಟರ್ ಎತ್ತರಕ್ಕೆ, ಚಿಕ್ಕವರಿಗೆ ಇನ್ನೂ ತಗ್ಗಿಗೆ ಕಟ್ಟುವಂತೆ ಕೊಕ್ಕೆಗಳನ್ನು ಸರಿಸುವ ಅನುಕೂಲವಿರಲಿ.

ದೀಪದ ಸ್ವಿಚ್ ಪೆಟ್ಟಿಗೆಗೆ ಬಾಗಿಲಿಲ್ಲ, ತಂತಿ ಹೊರಗಿದೆ. ದುರಸ್ತಿಯಾಗುವ ತನಕ ಅದರ ವಿದ್ಯುತ್ ಕಡಿತಗೊಳಿಸಿ.

ಕಲ್ಲು ಹೆಕ್ಕುವುದು, ಮಣ್ಣು ಜರಡಿ ಹಿಡಿಯುವುದು, ನೀರು ಹಾಕುವುದು, ವಾರಕ್ಕೊಮ್ಮೆ ಚರಂಡಿಯ ಎಲೆ ತೆಗೆಯುವುದು ಕ್ಲಬ್ಬಿನ ಹೊಣೆ. ಗೆರೆಗೆ ಸುಣ್ಣ ಬಳಸುವುದಿಲ್ಲ, ಕಣ್ಣಿಗೆ ಬಿದ್ದರೆ ಸುಡುತ್ತದೆ; ಚಾಕ್ ಪುಡಿ ನಾವೇ ತರುತ್ತೇವೆ. ಮಣ್ಣು, ಯಂತ್ರ, ಕಾಂಕ್ರೀಟು, ವಿದ್ಯುತ್ ಕೆಲಸ ನಗರಸಭೆಯಿಂದ ಆಗಬೇಕು.

ಓವರ್‌ಸಿಯರ್ ಅವರು ಸ್ಥಳ ನೋಡಲು ಬರುವ ದಿನ ತಿಳಿಸಿದರೆ ಅಳತೆ ಟೇಪು, ನಕ್ಷೆಯೊಂದಿಗೆ ಹಾಜರಿರುತ್ತೇವೆ. ಫೋಟೋಗಳು, ಪೋಷಕರ ಸಹಿಗಳು ಮತ್ತು ಈ ಮನವಿಯ ಮಲಯಾಳ ಪ್ರತಿ ಲಗತ್ತಿಸಿದೆ. ಉತ್ತರವನ್ನು ಕನ್ನಡದಲ್ಲಿ ದಯಪಾಲಿಸಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ,
ತರಬೇತುದಾರ, ವಾರ್ಡಿನ ವಾಲಿಬಾಲ್ ಕ್ಲಬ್

ಪ್ರತಿ: ವಾರ್ಡ್ ಕೌನ್ಸಿಲರ್ ಅವರಿಗೆ