ಆಡಳಿತ ಮಂಡಳಿ ಸಭೆ, 9 ಜುಲೈ 2025: ಯಾರು, ಏನು, ಯಾವಾಗ

ಹಾಲು ಉತ್ಪಾದಕರ ಸಹಕಾರ ಸಂಘ. ನಡಾವಳಿ 14 ಪುಟ, ಅದರಿಂದ ಹೆಕ್ಕಿದ ಕೆಲಸ 13.
ತಯಾರಿಸಿದವರು: ಮುಖ್ಯ ಕಾರ್ಯನಿರ್ವಾಹಕರು.
ಪ್ರತಿ: ಎಲ್ಲ ನಿರ್ದೇಶಕರು, ಹಾಲು ಪರೀಕ್ಷಕರು, ಬಿಎಂಸಿ ಆಪರೇಟರ್, ಸಹಾಯಕರು, ಒಕ್ಕೂಟದ ವಿಸ್ತರಣಾಧಿಕಾರಿ.

ಚರ್ಚೆಯೆಲ್ಲ ನಡಾವಳಿ ಪುಸ್ತಕದಲ್ಲಿದೆ, ಅಧಿಕೃತ ದಾಖಲೆಯೂ ಅದೇ. ಇಲ್ಲಿರುವುದು ಆಗಬೇಕಾದ ಕೆಲಸ ಮಾತ್ರ. ಒಂದು ಕೆಲಸಕ್ಕೆ ಒಬ್ಬರೇ ಹೊಣೆ. ಕೈಜೋಡಿಸುವವರು ಎಷ್ಟು ಮಂದಿಯಾದರೂ ಇರಲಿ, ಆಗಸ್ಟ್ 6ರ ಸಭೆಯಲ್ಲಿ ಎದ್ದು ಉತ್ತರ ಹೇಳುವವರು ಆ ಒಬ್ಬರೇ. ಗಡುವು ಎಂದರೆ ಆ ದಿನ ಸಂಜೆ 5 ಗಂಟೆ, ಅಂದರೆ ಹಾಲು ಅಳತೆ ಶುರುವಾಗುವ ಮುಂಚೆ. ಪ್ರತಿ ಕೆಲಸದ ಜೊತೆ ಗುರುತು ಬರೆದಿದೆ. ಆ ಗುರುತು ಕಚೇರಿಗೆ ಬಂದ ಮೇಲಷ್ಟೇ ಕೆಲಸ ಮುಗಿದಂತೆ. ಆವರಣದಲ್ಲಿರುವುದು ನಡಾವಳಿಯ ಪುಟ ಸಂಖ್ಯೆ.

ತಕ್ಷಣ ಆಗಬೇಕಾದವು

1. ಜನರೇಟರ್ ಬ್ಯಾಟರಿ ಬದಲಾಯಿಸುವುದು (ಪುಟ 2–3)
ಹೊಣೆ: ಬಿಎಂಸಿ ಆಪರೇಟರ್. ಗಡುವು: ಶನಿವಾರ, ಜುಲೈ 12.
ಗುರುತು: ಹೊಸ ಬ್ಯಾಟರಿಯ ಬಿಲ್ ಮತ್ತು ಗ್ಯಾರಂಟಿ ಕಾರ್ಡ್, ಮೇನ್ ಸ್ವಿಚ್ ಆಫ್ ಮಾಡಿ ಅರ್ಧ ಗಂಟೆ ಓಡಿಸಿದ ದಾಖಲೆ.

ಜೂನ್ ತಿಂಗಳ ತಾಪಮಾನ ಪುಸ್ತಕದ ಪ್ರಕಾರ 11 ರಾತ್ರಿ ಟ್ಯಾಂಕಿನ ಹಾಲು 10 ಗಂಟೆಗೂ 6 ಡಿಗ್ರಿಗಿಂತ ಮೇಲೇ ಇತ್ತು. ಸಂಜೆ ಹಾಲು ಹಾಕುವುದು 7ಕ್ಕೆ ಮುಗಿಯುತ್ತದೆ. ಮೂರು ಗಂಟೆಯೊಳಗೆ 4 ಡಿಗ್ರಿಗೆ ಇಳಿಯಲೇಬೇಕು. ಆ 11ರಲ್ಲಿ 7 ರಾತ್ರಿ ಕರೆಂಟ್ ಹೋಗಿತ್ತು, ಜನರೇಟರ್ ಸ್ಟಾರ್ಟ್ ಆಗಿರಲಿಲ್ಲ. ಜೂನ್ 27ರಂದು ಟ್ಯಾಂಕರ್ ಹಾಲು ಶೀತಲೀಕರಣ ಕೇಂದ್ರದಲ್ಲಿ ಕುದಿಸಿದಾಗ ಒಡೆದು ವಾಪಸ್ ಬಂದದ್ದೂ ಇಂಥ ಒಂದು ರಾತ್ರಿಯ ಮರುದಿನವೇ. ಬ್ಯಾಟರಿಗೆ 9,000 ರೂಪಾಯಿವರೆಗೆ ಮಂಜೂರಾಗಿದೆ. ಹಳೆಯದನ್ನು ಅಂಗಡಿಗೆ ಕೊಟ್ಟರೆ ಅದರ ಬೆಲೆ ಬಿಲ್ಲಿನಲ್ಲೇ ಕಳೆದಿರಬೇಕು. ಇನ್ನು ಮುಂದೆ ಪ್ರತಿ ಸೋಮವಾರ ಬೆಳಿಗ್ಗೆ ಟ್ಯಾಂಕರ್ ಹೋದ ಮೇಲೆ ಜನರೇಟರ್ ಹತ್ತು ನಿಮಿಷ ಓಡಿಸಿ ಲಾಗ್ ಪುಸ್ತಕದಲ್ಲಿ ಸಹಿ ಹಾಕಬೇಕು. ವಾರಗಟ್ಟಲೆ ಸುಮ್ಮನೆ ನಿಂತರೆ ಹೊಸ ಬ್ಯಾಟರಿಯೂ ಚಾರ್ಜ್ ಕಳೆದುಕೊಳ್ಳುತ್ತದೆ.

2. ಬಿಎಂಸಿ ಕಂಡೆನ್ಸರ್ ಸ್ವಚ್ಛ ಮಾಡುವುದು (ಪುಟ 3)
ಹೊಣೆ: ಬಿಎಂಸಿ ಆಪರೇಟರ್. ಗಡುವು: ಶುಕ್ರವಾರ, ಜುಲೈ 11.
ಗುರುತು: ಮಾಡುವ ಮುಂಚಿನ ಮತ್ತು ನಂತರದ ಫೋಟೊ, ಆಮೇಲಿನ ಮೂರು ರಾತ್ರಿಯ 10 ಗಂಟೆ ತಾಪಮಾನ.

ಉಳಿದ 4 ರಾತ್ರಿ ಕರೆಂಟ್ ಇತ್ತು, ಕಂಪ್ರೆಸರ್ ಓಡುತ್ತಲೇ ಇತ್ತು, ಆದರೂ ಹಾಲು ತಣ್ಣಗಾಗಲಿಲ್ಲ. ವಿಸ್ತರಣಾಧಿಕಾರಿ ಬಂದು ನೋಡಿದಾಗ ಕಂಡೆನ್ಸರ್ ರೆಕ್ಕೆಗಳ ನಡುವೆ ಪಶು ಆಹಾರದ ಧೂಳು ಅಂಟಿ, ಎಣ್ಣೆ ಪಸೆಯ ಜೊತೆ ಸೇರಿ ಕಂಬಳಿಯಂತೆ ಕೂತಿತ್ತು. ಗಾಳಿ ಹಾಯದಿದ್ದರೆ ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಮೇನ್ ಆಫ್ ಮಾಡಿ, ಮೆತ್ತನೆ ಬ್ರಷ್‌ನಲ್ಲಿ ರೆಕ್ಕೆಯ ಉದ್ದಕ್ಕೇ ಎಳೆಯಬೇಕು. ಅಡ್ಡ ಉಜ್ಜಿದರೆ ರೆಕ್ಕೆ ಮಡಚಿಕೊಂಡು ಇರುವ ದಾರಿಯೂ ಮುಚ್ಚುತ್ತದೆ. ಸ್ವಚ್ಛ ಮಾಡಿದ ಮೇಲೂ ಮೂರು ಗಂಟೆಯಲ್ಲಿ 4 ಡಿಗ್ರಿ ಬರದಿದ್ದರೆ ಗ್ಯಾಸ್ ಕಡಿಮೆಯಾಗಿರಬಹುದು. ಆಗ ಮತ್ತೊಂದು ರಾತ್ರಿ ಕಾಯುವುದು ಬೇಡ. ಆಪರೇಟರ್ ಮರುದಿನ ಬೆಳಿಗ್ಗೆಯೇ ಒಕ್ಕೂಟದ ತಾಂತ್ರಿಕ ವಿಭಾಗಕ್ಕೆ ಫೋನ್ ಮಾಡಬೇಕು.

3. ಮಿಲ್ಕ್ ಅನಲೈಸರ್‌ನ ಫ್ಯಾಟ್ ಗರ್ಬರ್ ಪರೀಕ್ಷೆಯೊಂದಿಗೆ ತಾಳೆ ನೋಡುವುದು (ಪುಟ 4–5)
ಹೊಣೆ: ಹಾಲು ಪರೀಕ್ಷಕರು. ಗಡುವು: ಸೋಮವಾರ, ಜುಲೈ 14.
ಗುರುತು: 10 ಮಾದರಿಗಳ ಎರಡೂ ಓದು ಬರೆದ ಹಾಳೆ, ಪರೀಕ್ಷಕರ ಮತ್ತು ಇಬ್ಬರು ಉತ್ಪಾದಕರ ಸಹಿ.

"ಮನೆ ಹಾಲು ಮೊದಲಿನಂತೇ ಇದೆ, ಫ್ಯಾಟ್ ಮಾತ್ರ ಇಳಿದಿದೆ" ಎಂದು 17 ಉತ್ಪಾದಕರು ಬರೆದುಕೊಟ್ಟಿದ್ದಾರೆ. ಸಭೆಯಲ್ಲಿ ಅತಿ ಹೆಚ್ಚು ಹೊತ್ತು ಹಿಡಿದ ವಿಷಯ ಇದು, ಹಿಡಿಯಬೇಕಾದದ್ದೂ ಹೌದು. ಯಂತ್ರ ತೋರಿಸುವ ಒಂದೊಂದು ಅಂಕಿಯೂ ಒಂದು ಮನೆಯ ಬಟವಾಡೆ.

ಒಂದೇ ಬೆಳಗಿನ 10 ಮಾದರಿ ತೆಗೆದುಕೊಳ್ಳಿ. ಅದರಲ್ಲಿ ಕನಿಷ್ಠ 5 ದೂರು ಕೊಟ್ಟವರದೇ ಇರಲಿ. ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡಿ, ಒಂದು ಯಂತ್ರಕ್ಕೆ, ಇನ್ನೊಂದು ಗರ್ಬರ್‌ಗೆ. ಬ್ಯುಟಿರೋಮೀಟರ್‌ಗೆ ಮೊದಲು 10 ಮಿಲಿ ಸಲ್ಫ್ಯೂರಿಕ್ ಆಸಿಡ್, ಮೇಲೆ ನಿಧಾನವಾಗಿ 10.75 ಮಿಲಿ ಹಾಲು, ಆಮೇಲೆ 1 ಮಿಲಿ ಅಮೈಲ್ ಆಲ್ಕೊಹಾಲ್. ಹಾಲನ್ನು ಜೋರಾಗಿ ಕುಲುಕಿದರೆ ಬೆಣ್ಣೆಕಣ ಕಟ್ಟಿ ಓದು ತಪ್ಪುತ್ತದೆ, ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಬೇಕು. ಕೈಗವಸು, ಕನ್ನಡಕ ಇಲ್ಲದೆ ಆಸಿಡ್ ಮುಟ್ಟಕೂಡದು. ಗರ್ಬರ್‌ಗಿಂತ ಯಂತ್ರ 0.1ಕ್ಕಿಂತ ಹೆಚ್ಚು ಕೆಳಗೋ ಮೇಲೋ ಹೋದ ಮಾದರಿ ಮೂರು ದಾಟಿದರೆ ಅದೇ ದಿನ ಸರ್ವಿಸ್‌ನವರಿಗೆ ದೂರು ದಾಖಲಿಸಿ, ಯಂತ್ರ ಸರಿಯಾಗುವವರೆಗೆ ಗರ್ಬರ್ ಓದಿನ ಮೇಲೆಯೇ ಬಟವಾಡೆ ಕಟ್ಟಬೇಕೆಂದು ಮಂಡಳಿ ಒಪ್ಪಿದೆ. ಪರೀಕ್ಷೆಗೆ ಮುಂಚೆ ಅನಲೈಸರ್ ಒಳನಳಿಕೆಗಳನ್ನು ಕ್ಲೀನಿಂಗ್ ದ್ರಾವಣದಿಂದ ತೊಳೆಯಲೇಬೇಕು. ಹಾಲಿನ ಪೊರೆ ಕಟ್ಟಿದ ಯಂತ್ರವನ್ನು ಪರೀಕ್ಷಿಸಿ ಪ್ರಯೋಜನವಿಲ್ಲ.

4. ಪ್ರೋತ್ಸಾಹಧನ ಬಾರದ 23 ಉತ್ಪಾದಕರ ಖಾತೆ ಸರಿಪಡಿಸುವುದು (ಪುಟ 6)
ಹೊಣೆ: ಸಹಾಯಕರು. ಗಡುವು: ಶನಿವಾರ, ಜುಲೈ 19.
ಗುರುತು: 23 ಹೆಸರಿನ ಮುಂದೆಯೂ ಕಾರಣ ಮತ್ತು ಕೈಗೊಂಡ ಕ್ರಮ ಬರೆದ ಪಟ್ಟಿ.

ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ, ನಮ್ಮ ಪಾಸ್‌ಬುಕ್ಕಿನಲ್ಲಿ ಬರೆದ ಖಾತೆಗಲ್ಲ. ಒಬ್ಬರಿಗೆ ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಕೊನೆಗೆ ಎಲ್ಲಿ ಆಧಾರ್ ಸೀಡಿಂಗ್ ಮಾಡಿಸಿದ್ದಾರೋ ಅಲ್ಲಿಗೆ ದುಡ್ಡು ಬೀಳುತ್ತದೆ. ಹಾಗಾಗಿ "ಬಂದೇ ಇಲ್ಲ" ಎನ್ನುವವರ ಇನ್ನೊಂದು ಖಾತೆಯನ್ನೇ ಮೊದಲು ನೋಡಿಸಿ. ಅಲ್ಲೂ ಇಲ್ಲದವರನ್ನು ಎರಡು ಗುಂಪು ಮಾಡಿ: ಸೀಡಿಂಗ್ ಆಗದವರು ಆಧಾರ್ ಪ್ರತಿ ಹಿಡಿದು ಬ್ಯಾಂಕಿಗೆ ಹೋಗಬೇಕು, ಹೆಸರು ಅಥವಾ ಸಂಖ್ಯೆ ತಪ್ಪಿರುವವರ ತಿದ್ದುಪಡಿ ಸಂಘದಿಂದಲೇ ಆಗಬೇಕು. ಒಂಟಿಯಾಗಿರುವ ವಯಸ್ಸಾದ 4 ಮಂದಿಯನ್ನು ಬ್ಯಾಂಕಿಗೆ ಕರೆದೊಯ್ಯಲು ಇಬ್ಬರು ಮಹಿಳಾ ನಿರ್ದೇಶಕರು ಒಪ್ಪಿದ್ದಾರೆ.

ಜುಲೈ ಮುಗಿಯುವುದರೊಳಗೆ

5. ತೂಕದ ಯಂತ್ರದ ಮುದ್ರೆ ನವೀಕರಣ (ಪುಟ 7). ಹೊಣೆ: ಸಹಾಯಕರು. ಗಡುವು: ಶುಕ್ರವಾರ, ಜುಲೈ 25. ಗುರುತು: ಕಾನೂನು ಮಾಪನಶಾಸ್ತ್ರ ಇಲಾಖೆಯ ಹೊಸ ಪ್ರಮಾಣಪತ್ರ, ಕೌಂಟರ್ ಎದುರು ಕಾಣುವಂತೆ ಹಾಕಿರಬೇಕು. ಎಲೆಕ್ಟ್ರಾನಿಕ್ ತೂಕಕ್ಕೆ ವರ್ಷಕ್ಕೊಮ್ಮೆ ಮುದ್ರೆ. ನಮ್ಮದರ ಅವಧಿ ಜುಲೈ 31ಕ್ಕೆ ತೀರುತ್ತದೆ.

6. ಪಶು ಆಹಾರ ಗೋದಾಮಿಗೆ ಮರದ ಹಲಗೆ ಪೀಠ (ಪುಟ 7–8). ಹೊಣೆ: ಉಪಾಧ್ಯಕ್ಷರು. ಗಡುವು: ಗುರುವಾರ, ಜುಲೈ 31. ಗುರುತು: ಮೂರು ಕೊಟೇಶನ್, ಬಿಲ್, ಜೋಡಿಸಿದ ಫೋಟೊ.
12 ಪೀಠ, ನೆಲದಿಂದ 6 ಅಂಗುಲ ಎತ್ತರ, ಒಟ್ಟು ಖರ್ಚು 14,000 ರೂಪಾಯಿ ಮೀರಕೂಡದು. ಚೀಲಗಳು ಗೋಡೆಯಿಂದ ಒಂದೂವರೆ ಅಡಿ ದೂರ, ಅಟ್ಟಿ 8 ಚೀಲಕ್ಕಿಂತ ಎತ್ತರ ಬೇಡ. ಗೋಡೆಗೆ ತಾಗಿದ್ದ 6 ಚೀಲ ಬೂಸ್ಟು ಹಿಡಿದಿವೆ. ಅವನ್ನು ಒಣಗಿಸಿ ಮಾರಬಾರದು, ಅರ್ಧ ಬೆಲೆಗೂ ಬೇಡ. ಬೂಸ್ಟಿನ ಅಫ್ಲಾಟಾಕ್ಸಿನ್ ಹಸುವಿನ ಹೊಟ್ಟೆಗೆ ಹೋದರೆ ಎಂ1 ರೂಪದಲ್ಲಿ ಹಾಲಿಗೆ ಇಳಿಯುತ್ತದೆ, ಒಣಗಿಸುವುದರಿಂದಲೂ ಕಾಯಿಸುವುದರಿಂದಲೂ ಹೋಗುವುದಿಲ್ಲ. ಹಾಲಿನಲ್ಲಿ ಅದರ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ ಮಾತ್ರ.

7. ಆಹಾರದ ಚೀಲ ಇಳಿಸುವ ಬಾಗಿಲು ಬದಲಾವಣೆ (ಪುಟ 8). ಹೊಣೆ: ಉಪಾಧ್ಯಕ್ಷರು. ಗಡುವು: ಶನಿವಾರ, ಜುಲೈ 19, ಏಕೆಂದರೆ ಮುಂದಿನ ಲೋಡ್ 21ಕ್ಕೆ ಬರುತ್ತದೆ. ಇಳಿಸುವುದು ಇನ್ನು ಹಿಂಬಾಗಿಲಿನಿಂದ. ಕಂಡೆನ್ಸರ್‌ಗೆ ಧೂಳು ಬಂದದ್ದು ಮುಂಬಾಗಿಲಿನಿಂದಲೇ. ಇದಾಗದಿದ್ದರೆ 2ನೇ ಕೆಲಸವನ್ನು ತಿಂಗಳು ತಿಂಗಳೂ ಮಾಡಬೇಕಾಗುತ್ತದೆ. ಗುರುತು: ಹಿಂಬಾಗಿಲ ಬೀಗದ ಕೈ ಗೋದಾಮಿನ ಮೊಳೆಯಲ್ಲಿ, ಲಾರಿಯವರಿಗೆ ಹೇಳಿದ ದಿನಾಂಕ ಸ್ಟಾಕ್ ಪುಸ್ತಕದಲ್ಲಿ.

8. ಕಿವಿ ಓಲೆ ಇಲ್ಲದ ರಾಸುಗಳ ಪಟ್ಟಿ (ಪುಟ 9). ಹೊಣೆ: ಮಹಿಳಾ ನಿರ್ದೇಶಕರಲ್ಲಿ ಹಿರಿಯರು. ಗಡುವು: ಗುರುವಾರ, ಜುಲೈ 31. ಗುರುತು: ಮನೆವಾರು ಪಟ್ಟಿ, ಪಶು ಆಸ್ಪತ್ರೆಯ ಸ್ವೀಕೃತಿ ಸಹಿ. ಕಾಲುಬಾಯಿ ಲಸಿಕೆ ದಾಖಲಾಗುವುದು ಓಲೆಯ 12 ಅಂಕಿಯ ಮೇಲೆ. ಓಲೆ ಬಿದ್ದುಹೋದ ರಾಸುಗಳನ್ನೂ ಸೇರಿಸಿ.

9. ಜೂನ್ 27ರ ನಷ್ಟದ ಲೆಕ್ಕ (ಪುಟ 9–10). ಹೊಣೆ: ಮುಖ್ಯ ಕಾರ್ಯನಿರ್ವಾಹಕರು. ಗಡುವು: ಸೋಮವಾರ, ಜುಲೈ 21. 1,860 ಲೀಟರ್, 68,448 ರೂಪಾಯಿ. ಉತ್ಪಾದಕರ ಬಟವಾಡೆಯಲ್ಲಿ ಒಂದು ಪೈಸೆಯನ್ನೂ ಹಿಡಿಯದೆ ಸಂಘವೇ ಭರಿಸಬೇಕೆಂದು ಸರ್ವಾನುಮತದ ನಿರ್ಣಯ. ಗುರುತು: ನಿರ್ಣಯದ ಪ್ರತಿ ಲಗತ್ತಿಸಿದ ಜಮಾಖರ್ಚು ವೋಚರ್.

ಮಹಾಸಭೆಯ ನಾಲ್ಕು ಕೆಲಸ: ಒಂದು ತಪ್ಪಿದರೆ ನಾಲ್ಕೂ ತಪ್ಪುತ್ತವೆ

ವಾರ್ಷಿಕ ಮಹಾಸಭೆ ಭಾನುವಾರ, ಸೆಪ್ಟೆಂಬರ್ 14. ಸೆಪ್ಟೆಂಬರ್ 25ರೊಳಗೆ ನಡೆಸಲೇಬೇಕು, ಆದ್ದರಿಂದ ಮುಂದೂಡಲು ಹೆಚ್ಚು ಜಾಗವಿಲ್ಲ. ಕೆಳಗಿನ ದಿನಾಂಕಗಳನ್ನು ಮಹಾಸಭೆಯಿಂದ ಹಿಂದಕ್ಕೆ ಎಣಿಸಿ ಹಾಕಲಾಗಿದೆ.

| ಕೆಲಸ | ಹೊಣೆ | ಗಡುವು | ಗುರುತು |
|---|---|---|---|
| 10. ಆಡಿಟ್ ಆಕ್ಷೇಪಣೆ 9ಕ್ಕೂ ಉತ್ತರ (ಪುಟ 11) | ಮುಖ್ಯ ಕಾರ್ಯನಿರ್ವಾಹಕರು | ಶುಕ್ರವಾರ, ಜುಲೈ 25 | ಲೆಕ್ಕಪರಿಶೋಧಕರ ಸ್ವೀಕೃತಿ |
| 11. ಆಡಿಟ್ ವರದಿ ಕೈಗೆ ಪಡೆಯುವುದು (ಪುಟ 11) | ಅಧ್ಯಕ್ಷರು | ಗುರುವಾರ, ಆಗಸ್ಟ್ 14 | ಸಹಿಯಾದ ವರದಿ |
| 12. ವಾರ್ಷಿಕ ವರದಿ 250 ಪ್ರತಿ ಮುದ್ರಣ (ಪುಟ 12) | ಸಹಾಯಕರು | ಶುಕ್ರವಾರ, ಆಗಸ್ಟ್ 22 | ಪ್ರತಿಗಳು ಕಚೇರಿಯಲ್ಲಿ |
| 13. ಎಲ್ಲ ಸದಸ್ಯರಿಗೆ ನೋಟಿಸ್ ಮತ್ತು ವರದಿ (ಪುಟ 12) | ಮುಖ್ಯ ಕಾರ್ಯನಿರ್ವಾಹಕರು | ಗುರುವಾರ, ಆಗಸ್ಟ್ 28 | ಸದಸ್ಯರ ಸಹಿ ಪುಸ್ತಕ |

ಆಗಸ್ಟ್ 27 ಗಣೇಶನ ಹಬ್ಬ. ಹಬ್ಬದ ವಾರ ಪ್ರೆಸ್‌ನವರ ಕೈಯಲ್ಲಿ ಪೆಂಡಾಲಿನ ಕೆಲಸವೇ ತುಂಬಿರುತ್ತದೆ, ಅದಕ್ಕೇ ಮುದ್ರಣವನ್ನು 22ಕ್ಕೆ ತಂದಿದೆ. ನೋಟಿಸ್ ಹಂಚಿಕೆ 23ರಂದೇ ಹಾಲು ಹಾಕುವ ಹೊತ್ತಿನಲ್ಲಿ ಶುರುವಾಗಲಿ. ಈಗ ಹಾಲು ಹಾಕದ ಸದಸ್ಯರ ಮನೆಗೆ ಹೋಗಿಯೇ ಕೊಡಬೇಕು. ಮಹಾಸಭೆಯಲ್ಲಿ "ನನಗೆ ನೋಟಿಸ್ ಬಂದಿಲ್ಲ" ಎಂಬ ತಕರಾರು ಬರುವುದು ಅವರಿಂದಲೇ.

ನಡಾವಳಿಯಲ್ಲಿ ಅಸ್ಪಷ್ಟವಿದ್ದು, ಕೇಳಿ ಖಚಿತಪಡಿಸಿಕೊಂಡದ್ದು

ಪುಟ 7ರಲ್ಲಿ ತೂಕದ ಮುದ್ರೆಗೆ "ಸಂಬಂಧಪಟ್ಟವರು ಕ್ರಮ ಕೈಗೊಳ್ಳುವುದು" ಎಂದಷ್ಟೇ ಇದೆ. ಹಾಗೆ ಬಿಟ್ಟರೆ ಯಾರೂ ಮಾಡುವುದಿಲ್ಲ. ಅಧ್ಯಕ್ಷರನ್ನು ಕೇಳಿ ಸಹಾಯಕರ ಹೊಣೆ ಎಂದು ಬರೆದಿದೆ, ಅವರೂ ಒಪ್ಪಿದ್ದಾರೆ. ಆಡಿಟ್ ಉತ್ತರಕ್ಕೆ ಪುಟ 5ರಲ್ಲಿ ಪ್ರಸ್ತಾಪವಾದಾಗ ಜುಲೈ 31 ಎಂದೂ ಪುಟ 11ರ ನಿರ್ಣಯದಲ್ಲಿ ಜುಲೈ 25 ಎಂದೂ ಇದೆ. ನಿರ್ಣಯದ ದಿನಾಂಕವನ್ನೇ ಹಿಡಿದಿದೆ. ಬ್ಯಾಟರಿಗೆ "ಆದಷ್ಟು ಬೇಗ" ಎಂದಿತ್ತು. ಶನಿವಾರ ಎಂದು ಆಪರೇಟರ್ ಅವರೇ ಹೇಳಿದ ದಿನ.

ಪಟ್ಟಿಗೆ ಸೇರಿಸದವು

ಮೇವು ಕತ್ತರಿಸುವ ಯಂತ್ರದ ಸಹಾಯಧನ, ಕಟ್ಟಡದ ಮೇಲೆ ಸೋಲಾರ್, ಬೆಳಗಿನ ಟ್ಯಾಂಕರ್ ಅರ್ಧ ಗಂಟೆ ಮುಂಚೆ ಬರಬೇಕೆಂಬ ಬೇಡಿಕೆ: ಈ ಮೂರರ ಮೇಲೂ ಮಾತಾಯಿತು, ನಿರ್ಣಯವಾಗಲಿಲ್ಲ. ಟ್ಯಾಂಕರ್ ವಿಷಯ ಆಗಸ್ಟ್ 6ರ ಕಾರ್ಯಸೂಚಿಯಲ್ಲಿ ಮೊದಲನೆಯದಾಗಿ ಬರುತ್ತದೆ. ಅಷ್ಟರೊಳಗೆ ಜುಲೈ ತಿಂಗಳ ಟ್ಯಾಂಕರ್ ಬಂದ ಸಮಯವನ್ನು ಬಿಎಂಸಿ ಲಾಗ್ ಪುಸ್ತಕದಿಂದ ತೆಗೆದು ಇಟ್ಟಿರಲಾಗುತ್ತದೆ.

ಹೊಣೆ ಅಥವಾ ದಿನಾಂಕದ ಬಗ್ಗೆ ತಕರಾರಿದ್ದರೆ ಶುಕ್ರವಾರ, ಜುಲೈ 11ರ ಬೆಳಿಗ್ಗೆ 10ರೊಳಗೆ ಕಚೇರಿಗೆ ತಿಳಿಸಿ. ಗಡುವು ತಪ್ಪುವ ಸೂಚನೆ ಕಂಡರೆ ಆ ದಿನಕ್ಕೆ ಎರಡು ದಿನ ಮುಂಚೆಯೇ ಹೇಳಿ, ಹೊಸ ದಿನಾಂಕವನ್ನು ಅಧ್ಯಕ್ಷರಿಂದ ಬರೆಸಿಕೊಳ್ಳಿ.