ಹಳೆಯ ಕಚೇರಿಯ ಬಗ್ಗೆ, ಮತ್ತೊಮ್ಮೆ

ನಿನ್ನೆ ಇಲ್ಲಿ "ಕೊನೆಗೂ ಕೆಲಸಕ್ಕೆ ಬೆಲೆ ಕೊಡುವವರ ಬಳಿ ಬಂದೆ" ಎಂದು ಬರೆದಿದ್ದೆ. ಹೊಸ ಕೆಲಸದ ಸಂತೋಷದಲ್ಲಿ ಹೇಳಿದ ಮಾತು, ಓದುವವರಿಗೆ ಹಳೆಯ ಕಚೇರಿಯನ್ನು ಚುಚ್ಚಿದಂತೆ ಕೇಳಿಸಿತು. ಅದನ್ನು ಅಳಿಸಿದ್ದೇನೆ.

ಆರು ವರ್ಷ ಪುಟವಿನ್ಯಾಸ ಮಾಡಿದ ಪ್ರಕಾಶನ ಸಂಸ್ಥೆಯನ್ನು ಮಾರ್ಚ್ 31ರಂದು ಬಿಟ್ಟೆ. ನುಡಿ ತಂತ್ರಾಂಶದಲ್ಲಿ ಬೆರಳಚ್ಚಾದ ಹಸ್ತಪ್ರತಿಯನ್ನು ಯೂನಿಕೋಡ್‌ಗೆ ತಂದಾಗ ಒತ್ತಕ್ಷರ, ಅರ್ಕಾವತ್ತುಗಳು ಎಲ್ಲಿ ಕೆಡುತ್ತವೆ ಎಂದು ಪಕ್ಕದಲ್ಲಿ ಕುಳಿತು ತೋರಿಸಿಕೊಟ್ಟವರು ಅಲ್ಲಿನ ಹಿರಿಯ ಕರಡು ತಿದ್ದುವವರು. ರಾಜ್ಯೋತ್ಸವದ ಪುಸ್ತಕಗಳಿಗಾಗಿ ರಾತ್ರಿ ನಿದ್ದೆಗೆಟ್ಟಾಗ ಮನೆಯಿಂದ ಬುತ್ತಿ ತಂದವರೂ ಅವರೇ. ಆ ಋಣ ದೊಡ್ಡದು.

ಸೋಮವಾರದಿಂದ ಮಕ್ಕಳ ಪುಸ್ತಕಗಳ ವಿನ್ಯಾಸಕ್ಕೆ ಸೇರುತ್ತಿದ್ದೇನೆ. ಚಿತ್ರಗಳ ಜೊತೆ ಕೆಲಸ ಮಾಡಬೇಕೆಂಬ ಬಹುದಿನದ ಆಸೆಯೊಂದೇ ಇದಕ್ಕೆ ಕಾರಣ. ಅರ್ಧಕ್ಕೆ ಉಳಿದ ಕಡತಗಳ ಬಗ್ಗೆ ಹಳೆಯ ಬಳಗದವರು ಯಾವಾಗ ಬೇಕಾದರೂ ಕರೆ ಮಾಡಬಹುದು.